ಇಡ್ಲಿಯ ಬೆಲೆ ನಾಲ್ಕು ರೂಪಾಯಿ ಏರುತ್ತಿದೆ: ನಮ್ಮ ಗ್ರಾಹಕರಿಗೊಂದು ವಿವರಣೆ

ಮಾನ್ಯ ಗ್ರಾಹಕರೇ, ಬರುವ ತಿಂಗಳ ಒಂದನೇ ತಾರೀಕಿನಿಂದ ಬದಿಯಡ್ಕದ ನಮ್ಮ ಟಿಫಿನ್ ಸೆಂಟರಿನಲ್ಲಿ ಎರಡು ಇಡ್ಲಿ, ಚಟ್ನಿ, ಸಾಂಬಾರಿನ ಪ್ಲೇಟಿಗೆ 30 ರೂಪಾಯಿಯ ಬದಲು 34 ರೂಪಾಯಿ ಆಗುತ್ತದೆ. ಗಲ್ಲಾಪೆಟ್ಟಿಗೆಯ ಬಳಿ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಸೂಚನೆ ಅಂಟಿಸಿದ್ದೇವೆ. ಆದರೆ ‘ಸಾಮಗ್ರಿಗಳ ಬೆಲೆ ಏರಿರುವುದರಿಂದ ದಯವಿಟ್ಟು ಸಹಕರಿಸಿ’ ಎಂಬ ಒಂದು ಸಾಲಿನಿಂದ ಏನು ಏರಿತು, ಎಷ್ಟು ಏರಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಹಣ ಕೊಡುವವರಿಗೆ ಲೆಕ್ಕ ಕೇಳುವ ಹಕ್ಕಿದೆ ಎಂದು ನಂಬಿರುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮುಖ್ಯ ಕಾರಣ ತೆಂಗಿನಕಾಯಿ. ತೆಂಗಿನ ನಾಡಿನಲ್ಲಿಯೇ ಕುಳಿತು ಇದನ್ನು ಹೇಳಬೇಕಾಗಿ ಬಂದಿರುವುದು ವಿಚಿತ್ರವೇ ಸರಿ. 2024ರ ಆರಂಭದಲ್ಲಿ ನಮಗೆ ಕಿಲೋಗೆ 35 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿದ್ದ ಸುಲಿದ ಕಾಯಿ, 2025ರ ಮಳೆಗಾಲದ ಹೊತ್ತಿಗೆ 70ನ್ನು ಮುಟ್ಟಿತು. ಬಿಸಿಲಿನ ಹೊಡೆತಕ್ಕೆ ಇಳುವರಿ ಕುಸಿದದ್ದು, ಕಾಯಿ ಬಲಿಯುವ ಮೊದಲೇ ಎಳನೀರಾಗಿ ಮಾರಾಟವಾಗುವುದು, ಎಣ್ಣೆ ಗಿರಣಿಗಳ ಬೇಡಿಕೆ, ಎಲ್ಲವೂ ಒಟ್ಟಿಗೆ ಸೇರಿಕೊಂಡವು. ಒಂದು ಕಿಲೋ ಕಾಯಿಯನ್ನು ಒಡೆದು ತುರಿದರೆ, ಗೆರಟೆ ಮತ್ತು ನೀರು ಕಳೆದು, ನಮಗೆ ಸುಮಾರು 450 ಗ್ರಾಂ ತುರಿ ದೊರೆಯುತ್ತದೆ. ಎರಡನೆಯ ಸಲ ಬಡಿಸುವ ಚಟ್ನಿಯೂ ಸೇರಿದಂತೆ ಪ್ಲೇಟೊಂದಕ್ಕೆ 30 ಗ್ರಾಂ ತುರಿ ಹೋಗುವುದರಿಂದ ಒಂದು ಕಿಲೋ ಕಾಯಿ ಹದಿನೈದು ಪ್ಲೇಟಿಗೆ ಸಾಕಾಗುತ್ತದೆ. ಅಂದರೆ ಪ್ಲೇಟಿನ ಕಾಯಿಯ ಖರ್ಚು ಎರಡೂಕಾಲು ರೂಪಾಯಿಯಿಂದ ನಾಲ್ಕೂವರೆಯ ಮೇಲಕ್ಕೆ ಹೋಗಿದೆ. ಏರಿಕೆಯ ನಾಲ್ಕು ರೂಪಾಯಿಯಲ್ಲಿ 2 ರೂಪಾಯಿ 30 ಪೈಸೆ ಇದಕ್ಕೇ ಹೋಗುತ್ತದೆ. 1 ರೂಪಾಯಿ 20 ಪೈಸೆ ಅಡುಗೆಯವರ ಮತ್ತು ಬಡಿಸುವವರ ಸಂಬಳಕ್ಕೆ. ಇಪ್ಪತ್ತು ಪೈಸೆಯಷ್ಟು ಜಿಎಸ್‌ಟಿ. ಉಳಿದ ಚಿಲ್ಲರೆ ಸಾಂಬಾರಿನ ಬೇಳೆ, ತರಕಾರಿಗೆ.

ಗ್ಯಾಸಿನ ಹೆಸರನ್ನು ಈ ಪಟ್ಟಿಯಲ್ಲಿ ನಾನು ಬೇಕೆಂದೇ ಸೇರಿಸಿಲ್ಲ. ಹೋಟೆಲಿಗೆ ಬರುವ 19 ಕಿಲೋ ಸಿಲಿಂಡರಿನ ಬೆಲೆ ಸಾಮಾನ್ಯವಾಗಿ ತಿಂಗಳ ಮೊದಲ ದಿನ ಪರಿಷ್ಕರಣೆಯಾಗುತ್ತದೆ. ಏರುವುದೂ ಉಂಟು, ಇಳಿಯುವುದೂ ಉಂಟು. ಏರಿದಾಗ ಬೋರ್ಡು ಬದಲಿಸಿ, ಇಳಿದಾಗ ಮೌನವಾಗಿರುವುದು ನ್ಯಾಯವಲ್ಲ. ಆ ಸಿಲಿಂಡರಿನ ಮೇಲೆ ನಾವು ಕಟ್ಟುವ 18 ಶೇಕಡಾ ತೆರಿಗೆಯನ್ನು, 5 ಶೇಕಡಾ ದರದಲ್ಲಿ ಜಿಎಸ್‌ಟಿ ಕಟ್ಟುವ ಹೋಟೆಲುಗಳು ಹಿಂದಕ್ಕೆ ಪಡೆಯುವಂತಿಲ್ಲ ಎಂಬುದು ನಿಜ, ಆದರೆ ಅದು ಹಳೆಯ ಹೊರೆ, ಈಗ ಬಂದದ್ದಲ್ಲ. ಅದೇ ಕಾರಣಕ್ಕೆ ಕಾಯಿ ಬಳಸದ ಚಾ, ಕಾಫಿ, ಬನ್ಸ್‌ಗಳ ಬೆಲೆಯನ್ನು ಮುಟ್ಟುತ್ತಿಲ್ಲ.

ಬೆಲೆ ಏರಿಸದೆಯೂ ನಷ್ಟ ತುಂಬಿಕೊಳ್ಳುವ ದಾರಿಗಳು ಈ ವ್ಯಾಪಾರದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಚಟ್ನಿಯಲ್ಲೇ ಅಡಗುತ್ತವೆ. ತುರಿಯನ್ನು ಅರ್ಧಕ್ಕಿಳಿಸಿ ಹುರಿಗಡಲೆ ಹೆಚ್ಚಿಸಿದರೆ ನೋಟಕ್ಕೆ ಚಟ್ನಿ ಇನ್ನಷ್ಟು ಮಂದವಾಗಿಯೇ ಕಾಣುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲಿ ಹಿಟ್ಟಿನಂತೆ ಗಟ್ಟಿಯಾಗಿ ನಾಲಿಗೆಗೆ ಅಂಟುತ್ತದೆ. ಕಾಯಿ ಹೆಚ್ಚಿರುವ ಚಟ್ನಿ ತರಿತರಿಯಾಗಿದ್ದು, ಇಟ್ಟಲ್ಲಿ ಅಂಚಿನಲ್ಲಿ ನೀರು ಬಿಡುತ್ತದೆ. ಇಡ್ಲಿಯಲ್ಲಿ ಉದ್ದನ್ನು ಕಡಿಮೆ ಮಾಡಿದರೆ ಬಿಸಿಯಿರುವಾಗ ಗೊತ್ತಾಗುವುದಿಲ್ಲ, ಆರಿದ ಮೇಲೆ ಗಟ್ಟಿಯಾಗುತ್ತದೆ. ಆದುದರಿಂದ ಪಾರ್ಸೆಲ್ ಒಯ್ಯುವವರಿಗೇ ಅದು ಮೊದಲು ತಿಳಿಯುವುದು. ಆ ಕೊರತೆಯನ್ನು ಮುಚ್ಚಲು ಸೋಡಾ ಹೆಚ್ಚು ಹಾಕಿದರೆ ಇಡ್ಲಿಗೆ ತುಸು ಹಳದಿ ಛಾಯೆಯೂ ಸಾಬೂನಿನಂಥ ರುಚಿಯೂ ಬರುತ್ತದೆ.

‘ಪ್ರಮಾಣ ಮತ್ತು ಗುಣಮಟ್ಟದಲ್ಲಿ ಬದಲಾವಣೆ ಇರುವುದಿಲ್ಲ’ ಎಂಬ ಮಾತು ಅಳೆಯಲು ಬರುವಂತಿರಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಸೂಚನೆಯಲ್ಲಿ ಅಳತೆಯನ್ನೂ ಬರೆದಿದ್ದೇವೆ: ಅಕ್ಕಿ ನಾಲ್ಕು ಪಾಲಿಗೆ ಉದ್ದು ಒಂದು ಪಾಲು, ಹಿಟ್ಟಿಗೆ ಈಗಿರುವ ಸೌಟೇ, ಚಟ್ನಿಗೆ ಈಗಿರುವ ಬಟ್ಟಲೇ, ಕುಳಿತು ತಿನ್ನುವವರಿಗೆ ಎರಡನೆಯ ಸಲದ ಚಟ್ನಿಗೆ ಹಣವಿಲ್ಲ. ವ್ಯತ್ಯಾಸ ಕಂಡವರು ದಯವಿಟ್ಟು ಬಡಿಸುವ ಹುಡುಗರ ಮೇಲೆ ಸಿಟ್ಟಾಗದೆ ನೇರವಾಗಿ ನನ್ನಲ್ಲಿ ಹೇಳಬೇಕಾಗಿ ವಿನಂತಿ.

ತಿಂಗಳ ಲೆಕ್ಕದಲ್ಲಿ ತಿನ್ನುವವರಿಗೆ, ಈಗಾಗಲೇ ಮುಂಗಡ ಕೊಟ್ಟಿದ್ದರೆ, ಆ ಮುಂಗಡ ಮುಗಿಯುವವರೆಗೂ ಹಳೆಯ ಬೆಲೆಯೇ ಅನ್ವಯವಾಗುತ್ತದೆ. ಕಾಯಿಯ ಬೆಲೆ ಕಿಲೋಗೆ 45 ರೂಪಾಯಿಗಿಂತ ಕೆಳಗಿಳಿದು ಎರಡು ತಿಂಗಳು ಅಲ್ಲಿಯೇ ನಿಂತರೆ ಪ್ಲೇಟಿನ ಬೆಲೆಯಲ್ಲಿ ಎರಡು ರೂಪಾಯಿ ಇಳಿಸುತ್ತೇವೆ. ಅದನ್ನೂ ಇದೇ ಬೋರ್ಡಿನಲ್ಲಿ ಬರೆದಿದ್ದೇವೆ.