95% ಎಲ್ಲ ಡೇಟಾಗೂ ಅಲ್ಲ

“ಯಾವ ಡೇಟಾ ಆದ್ರೂ ಸರಿ, ಸರಾಸರಿಯಿಂದ ಎರಡು ಎಸ್‌ಡಿ ಒಳಗೆ 95% ಇದ್ದೇ ಇರುತ್ತೆ, ಅಲ್ವಾ?”

ಇಲ್ಲ. ಎಸ್‌ಡಿ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಡೇಟಾ ಸರಾಸರಿಯಿಂದ ಎಷ್ಟು ಹರಡಿದೆ ಅನ್ನೋ ಅಳತೆ; ಅದರ ವರ್ಗವೇ ವೇರಿಯನ್ಸ್. ಒಂದು, ಎರಡು, ಮೂರು ಎಸ್‌ಡಿ ಒಳಗೆ 68%, 95%, 99.7% ಅನ್ನೋದು ಗಂಟೆಯಾಕಾರದ ನಾರ್ಮಲ್ ಹಂಚಿಕೆಯ ಲೆಕ್ಕ. ಹಂಚಿಕೆಯ ಆಕಾರ ಗೊತ್ತಿಲ್ಲ, ಸರಾಸರಿ ಮತ್ತು ವೇರಿಯನ್ಸ್ ಮಾತ್ರ ಗೊತ್ತು ಅಂದಾಗ ನೆಚ್ಚಿಕೊಳ್ಳಬಹುದಾದದ್ದು ಚೆಬಿಶೇವ್ ಅಸಮಾನತೆ. ಸರಾಸರಿಯಿಂದ k ಎಸ್‌ಡಿ ಅಥವಾ ಅದಕ್ಕಿಂತ ದೂರ ಇರುವ ಭಾಗ 1/k² ಮೀರುವುದಿಲ್ಲ. ಎರಡು ಎಸ್‌ಡಿಗೆ ಅದು 25%, ಅಂದರೆ ಒಳಗೆ ಖಾತ್ರಿಯಾಗಿ ಇರೋದು 75% ಮಾತ್ರ.

“75 ತೀರಾ ಕಡಿಮೆ ಆಯ್ತು” ಅನ್ನಿಸಿದರೆ ಈ ತರಗತಿ ನೋಡಿ. 40 ಮಕ್ಕಳು. 30 ಜನಕ್ಕೆ 50 ಅಂಕ, 5 ಜನಕ್ಕೆ 10, ಉಳಿದ 5 ಜನಕ್ಕೆ 90. ಸರಾಸರಿ 50. ಹತ್ತು ಮಕ್ಕಳು ಸರಾಸರಿಯಿಂದ 40 ಅಂಕ ದೂರ ಇದ್ದಾರೆ, 40ರ ವರ್ಗ 1600, ಹತ್ತು ಸಲ ಕೂಡಿದರೆ 16000, ಅದನ್ನು 40ರಿಂದ ಭಾಗಿಸಿದರೆ ವೇರಿಯನ್ಸ್ 400, ಎಸ್‌ಡಿ 20. ಎರಡು ಎಸ್‌ಡಿ ಅಂದರೆ 40 ಅಂಕ. ಆ ಹತ್ತೂ ಮಕ್ಕಳು ಸರಿಯಾಗಿ ಗಡಿಯ ಮೇಲೇ ನಿಂತಿದ್ದಾರೆ, ಗಡಿಯ ಒಳಗಿರೋದು 30 ಜನ, ಸರಿಯಾಗಿ 75%! ಹಾಗಾಗಿ ಎಲ್ಲ ಹಂಚಿಕೆಗೂ ಒಪ್ಪುವ ಹಾಗೆ ಈ ಮಿತಿಯನ್ನು ಇನ್ನಷ್ಟು ಬಿಗಿ ಮಾಡೋಕೆ ಆಗಲ್ಲ.

ನನಗೆ ಜಾಸ್ತಿ ಚಿಂತೆ ಇನ್ನೊಂದು ತಪ್ಪಿನದು. ಮೇಲಿನ ಬಾಲ, ಅಂದರೆ ಸರಾಸರಿಗಿಂತ ತುಂಬಾ ಮೇಲಿರುವ ಭಾಗ, ಮಾತ್ರ ಬೇಕು ಅಂತ 25%ನ ಸುಮ್ನೆ ಅರ್ಧ ಮಾಡಿ 12.5% ಅಂತಾರೆ. ಹಂಚಿಕೆ ಎರಡೂ ಕಡೆ ಒಂದೇ ಥರ ಇದ್ದರೆ ಮಾತ್ರ ಅದು ಸರಿ. ಇಲ್ಲದಿದ್ದರೆ ಒಂದು ಬದಿಯ ಮಿತಿ 1/(1+k²), ಎರಡು ಎಸ್‌ಡಿಗೆ 20%.