ನಲವತ್ತೆರಡು ಮಹಡಿ ಮತ್ತು ಒಂದು ಕೆಂಪು ಪೆನ್ನು

ದುಬೈನಲ್ಲಿ 12 ವರ್ಷ ಕಟ್ಟಡದ ಕೆಲಸ ಮಾಡಿ ಮೈಸೂರಿಗೆ ವಾಪಸ್ ಬಂದವನಿಗೆ ಒಂದು ಪುಟದ ಪತ್ರ ಬರೆಯೋದೇನು ಮಹಾ ಅಂದುಕೊಂಡಿದ್ದೆ. ಊರಿನ ಒಬ್ಬ ಬಿಲ್ಡರ್‌ಗೆ ಪ್ರಾಜೆಕ್ಟ್ ಮ್ಯಾನೇಜರ್ ಬೇಕಿತ್ತು. ರೆಸ್ಯೂಮೆ ಜೊತೆಗೆ ಕವರ್ ಲೆಟರ್ ಇರಲಿ ಅಂದಿದ್ದರು. ಒಂದೇ ರಾತ್ರಿಯಲ್ಲಿ ಬರೆದೆ. ಬೆಳಿಗ್ಗೆ ಪ್ರಿಂಟ್ ತೆಗೆದು, ನಿವೃತ್ತ ಎಂಜಿನಿಯರ್ ಆಗಿರುವ ನಮ್ಮ ಭಾವನ ಕೈಗೆ ಕೊಟ್ಟೆ. ಅವರು ಜೇಬಿಂದ ಕೆಂಪು ಪೆನ್ನು ತೆಗೆದರು. ನಿವೃತ್ತಿಯಾದ ಮೇಲೂ ಅದೊಂದನ್ನು ಇಲಾಖೆಗೆ ವಾಪಸ್ ಕೊಟ್ಟಿಲ್ಲ.

ಮೊದಲ ಸಾಲಲ್ಲೇ ‘42 ಮಹಡಿಯ ಗೋಪುರ’ ಅಂತ ಬರೆದಿದ್ದೆ.

“ಇವರು ಕಟ್ಟೋದು ಎಷ್ಟು ಮಹಡಿ?”

“ನಾಲ್ಕು, ಭಾವ.”

“ಆ 42ರಲ್ಲಿ ನೀನು ನೋಡ್ಕೊಂಡಿದ್ದು?”

ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನ್ನ ಜವಾಬ್ದಾರಿ ಇದ್ದದ್ದು ಕೆಳಗಿನ ಪಾರ್ಕಿಂಗ್. ಅದು ನಾಲ್ಕು ಮಹಡಿ.

“ಮತ್ತೆ ಅದನ್ನೇ ಬರಿ ಕಣಯ್ಯ! 42 ಅಂದ್ರೆ ಅವರು ಹೆದರ್ತಾರೆ. ನಾಲ್ಕು ಅಂದ್ರೆ ನಮ್ಮೋನು ಅಂತಾರೆ.” ಅಂಚಲ್ಲಿ ‘ಜಂಬ’ ಅಂತ ಬರೆದು ಎರಡು ಗೆರೆ ಎಳೆದರು.

ಮುಂದಿನ ಸಾಲು 6,000 ಚದರ ಮೀಟರ್. ನಮ್ಮೂರಲ್ಲಿ ಲೆಕ್ಕ ನಡೆಯೋದು ಚದರದಲ್ಲಿ. ಒಂದು ಚದರ ಅಂದರೆ 100 ಚದರ ಅಡಿ. ಹಾಗಾಗಿ ಮೂವತ್ತು-ನಲವತ್ತರ ಸೈಟು 12 ಚದರ. ‘ಮೀಟರ್’ ಅನ್ನೋದನ್ನು ಓದದೆ ಹಾರಿಸಿಬಿಟ್ಟರೆ ನಾನು 6,000 ಚದರ ಕಟ್ಟಿಸಿದವನಾಗ್ತೀನಿ. ನಿಜವಾದ ಲೆಕ್ಕ ಸುಮಾರು 646 ಚದರ. ಒಂದು ಪದಕ್ಕೆ ಒಂಬತ್ತು ಪಟ್ಟು ಸುಳ್ಳು!

ಆಮೇಲೆ ಬಂತು ‘ಸಿ 30/37 ಕಾಂಕ್ರೀಟ್’. “ಇದೇನು, ಬಸ್ ನಂಬರಾ?” ಅಂದರು. ಅವರಿಗೆ ಗೊತ್ತಿತ್ತು, ಬೇಕಂತಲೇ ಕೇಳಿದ್ದು. ಅಲ್ಲಿ ನಾವು ಅನುಸರಿಸುತ್ತಿದ್ದ ಪದ್ಧತಿಯಲ್ಲಿ ಮೊದಲನೇ ಅಂಕೆ ಸಿಲಿಂಡರ್ ಆಕಾರದ ಕಾಂಕ್ರೀಟಿನ ಬಲ, ಎರಡನೆಯದು ಕ್ಯೂಬಿನದು. ನಮ್ಮಲ್ಲಿ ಕಾಂಕ್ರೀಟಿನ ಬಲ ಹೇಳೋ ‘ಎಂ’ ಲೆಕ್ಕ ಪೂರ್ತಿ 150 ಮಿಲಿಮೀಟರ್ ಕ್ಯೂಬಿನ ಮೇಲೆ ನಿಂತಿದೆ. ಅದನ್ನು 28ನೇ ದಿನ ಒಡೆದು ನೋಡ್ತಾರೆ. ಅಂದಮೇಲೆ ನನ್ನ ಕಾಂಕ್ರೀಟು ಎಂ 35ಕ್ಕಿಂತ ಸ್ವಲ್ಪ ಮೇಲು, ಎಂ 40ಕ್ಕಿಂತ ಕೆಳಗೆ. ಅವಸರದಲ್ಲಿ ಯಾರಾದರೂ ಎಂ 30 ಅಂತ ಓದಿಕೊಂಡರೆ ನನ್ನ 12 ವರ್ಷದ ಕೆಲಸ ಪತ್ರದಲ್ಲೇ ತೆಳ್ಳಗಾಗುತ್ತಿತ್ತು.

ನನಗೆ ಬಹಳ ಹೆಮ್ಮೆ ಇದ್ದದ್ದು ಮೂರನೇ ಪ್ಯಾರಾ ಬಗ್ಗೆ. ಬೇಸಿಗೆಯಲ್ಲಿ ಕಾಂಕ್ರೀಟು 32 ಡಿಗ್ರಿ ದಾಟಬಾರದು ಅಂತ ಐಸ್ ಬೆರೆಸಿದ್ದು, ರಾತ್ರಿಯೆಲ್ಲ ನಿಂತು ಸ್ಲ್ಯಾಬ್ ಹಾಕಿಸಿದ್ದು, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋದು ನಿಷೇಧ ಅನ್ನೋ ಅಲ್ಲಿನ ಕಾನೂನು, ಎಲ್ಲ ಬರೆದಿದ್ದೆ.

ಭಾವ ಕನ್ನಡಕ ತೆಗೆದರು. “ಇಲ್ಲಿ ಜೂನಲ್ಲಿ ಏನಾಗುತ್ತೆ?”

“ಮಳೆ.”

“ಮೋಲ್ಡ್ ಹಾಕೋ ದಿನ ರಾತ್ರಿಯಿಂದಲೇ ಮಳೆ ಹಿಡಿದಿದ್ರೆ?”

ಟಾರ್ಪಾಲು ಅಂದೆ. ಅದು ಮೇಸ್ತ್ರಿಗೂ ಗೊತ್ತು ಅಂದರು. ನಿಧಾನಕ್ಕೆ ಹೊಳೆಯಿತು. ನೆನೆದ ಎಂ-ಸ್ಯಾಂಡ್ ಆಗಲೇ ನೀರು ಕುಡಿದಿರುತ್ತೆ. ಮಿಕ್ಸರ್‌ಗೆ ಯಾವಾಗಲೂ ಹಾಕೋ ಅಷ್ಟೇ ನೀರು ಹಾಕಿದರೆ ಕಾಂಕ್ರೀಟು ಸಾರಿನ ಥರ ಹರಿಯುತ್ತೆ, ಬಲ ಇಳಿಯುತ್ತೆ. ಮರಳಿನ ತೇವ ನೋಡಿ ನೀರು ಕಡಿಮೆ ಮಾಡಬೇಕು. ಅಲ್ಲಿ ಐಸ್ ಹಾಕುವಾಗಲೂ ನಾವು ಮಾಡುತ್ತಿದ್ದದ್ದು ಇದೇ ಲೆಕ್ಕ. ಐಸೂ ಕರಗಿ ನೀರಾಗುತ್ತೆ ಅಲ್ವಾ? ಅದರಷ್ಟು ತೂಕದ ನೀರು ಕಳೆಯಲೇಬೇಕು.

“ಹಾಂ, ಇದು ಬರಿ. ಐಸ್ ಕಥೆ ಎರಡು ಸಾಲು ಸಾಕು. ಮರಳಿನ ನೀರು ಅವನ ದುಡ್ಡು ಉಳಿಸುತ್ತೆ.”

ಸಂಬಳದ ಸಾಲನ್ನಂತೂ ಪೂರ್ತಿ ಹೊಡೆದು ಹಾಕಿದರು. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಆ ದಿರಾಮನ್ನು ರೂಪಾಯಿಗೆ ಗುಣಿಸಿ ಇಲ್ಲಿ ಕೇಳಿದರೆ ಕಾಫಿನೂ ಕೊಡಲ್ಲ ಅಂದರು. ಕೊನೆಗೆ ಅಂಚಲ್ಲಿ ದಪ್ಪಗೆ ಬರೆದರು: ‘ವಾಪಸ್ ಯಾಕೆ ಬಂದೆ? ಮತ್ತೆ ಓಡಿಹೋಗ್ತೀಯಾ? ಅವರ ತಲೇಲಿ ಇರೋದು ಇದೇ. ಉತ್ತರ ಎಲ್ಲಿ?’

ನಾನು ‘ತಾಯ್ನಾಡಿನ ಸೆಳೆತ’ ಅಂತ ಬರೆದಿದ್ದೆ. ಅದನ್ನು ತೆಗೆದು ಇದ್ದದ್ದು ಬರೆದೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಮಗಳು ಇಲ್ಲೇ ಎಂಟನೇ ಕ್ಲಾಸಿಗೆ ಸೇರಿದ್ದಾಳೆ, ಅವಳ ಎಸ್ಸೆಸ್ಸೆಲ್ಸಿ ಮುಗಿಯೋವರೆಗಂತೂ ನಾನು ಎಲ್ಲೂ ಹೋಗೋದಿಲ್ಲ.

ಹೊಸದಾಗಿ ಟೈಪ್ ಮಾಡಿ, ಅಚ್ಚುಕಟ್ಟಾಗಿ ಪಿಡಿಎಫ್ ಮಾಡಿ ಕಳಿಸಿದೆ. ಎರಡು ದಿನಕ್ಕೆ ಫೋನ್ ಬಂತು.

“ಸರ್, ನಿಮ್ಮ ಲೆಟರ್ ನೋಡಿದ್ವಿ. ತುಂಬಾ ಚೆನ್ನಾಗಿದೆ. ಆ ಕೆಂಪು ಇಂಕಲ್ಲಿ ಬರೆದವರು ಯಾರು?”

ಎದೆ ಧಸಕ್ಕೆಂದಿತು. ಕೆಂಪು ಗೀಚಿದ್ದ ಹಾಳೆಯನ್ನು ತಿದ್ದಲು ಅನುಕೂಲವಾಗಲಿ ಅಂತ ಫೋನಲ್ಲಿ ಸ್ಕ್ಯಾನ್ ಮಾಡಿಟ್ಟಿದ್ದೆ. ಮೇಲ್‌ಗೆ ಅಂಟಿಸಿದ್ದು ಅದನ್ನೇ!

“ನಮ್ಮ ಭಾವ, ಸರ್” ಅಂದೆ.

“ಓ. ಈಗ ಅವರು ಎಲ್ಲಾದರೂ ಕೆಲಸ ಮಾಡ್ತಿದಾರಾ?”