ಚಿಕ್ಕಮ್ಮ, ನಮ್ಮ ಬಣ್ಣ ಹಾಗೇ ಇರಲಿ

ಚಿಕ್ಕಮ್ಮ, ರಜೆಯಲ್ಲಿ ನಾವೆಲ್ಲ ಸೇರಿದ್ದಾಗ ನೀವು ತೆಗೆದ ಫೋಟೋ ತಲುಪಿತು. ದೂರದಲ್ಲಿ ಕುಳಿತು ಅದಕ್ಕಾಗಿಯೇ ಕಾಯುತ್ತಿದ್ದೆ. ಮಗಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಅಪ್ಪ, ಕೈ ನನ್ನದೇ. ಮುಖ ಯಾರದು?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಅವಳು ಸರಿಯಾಗಿಯೇ ಗುರುತಿಸಿದ್ದಳು. ನೀವು ಬಳಸುವ ಆ್ಯಪ್ ಮುಖವನ್ನು ಮಾತ್ರ ಹುಡುಕಿ ಬೆಳ್ಳಗೆ ಮಾಡಿದೆ. ಕುತ್ತಿಗೆ, ಕಿವಿ, ಕೈಗಳನ್ನು ಹಾಗೆಯೇ ಬಿಟ್ಟಿದೆ. ಹೀಗಾಗಿ ಎಲ್ಲರ ದವಡೆಯ ಕೆಳಗೆ ಒಂದು ಗೆರೆ ಕಾಣುತ್ತದೆ. ಚರ್ಮವನ್ನು ನಯಗೊಳಿಸುವಾಗ ಅಜ್ಜಿಯ ಕೆನ್ನೆಯ ಮಚ್ಚೆಯೂ ಅಳಿಸಿಹೋಗಿದೆ. ಅಮ್ಮನ ಹಣೆ ಪೂರ್ತಿ ಬಿಳಿಯಾಗಿಬಿಟ್ಟಿದೆ. ಹಾಗೆ ಬಿಳಿಯಾದ ಜಾಗದಲ್ಲಿ ವಿವರವೇ ಉಳಿದಿರುವುದಿಲ್ಲ, ಆಮೇಲೆ ಎಷ್ಟು ಕಪ್ಪು ಮಾಡಿದರೂ ಅದು ಮರಳುವುದಿಲ್ಲ.

ಇಲ್ಲಿ ಒಮ್ಮೆ ನಮ್ಮ ಫೋಟೋ ತೆಗೆಸಿದ್ದೆವು. ಕಿಟಕಿಗೆ ಬೆನ್ನು ಮಾಡಿ ನಿಂತಿದ್ದ ನಮ್ಮನ್ನು ಛಾಯಾಗ್ರಾಹಕ ತಿರುಗಿಸಿ ನಿಲ್ಲಿಸಿದ. ಹಿಂದಿನಿಂದ ಬೆಳಕು ಬಂದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖಗಳನ್ನು ಕತ್ತಲಿಗೆ ತಳ್ಳುತ್ತದೆ ಎಂದ. ಕಿಟಕಿಯ ಬೆಳಕು ನೇರವಾಗಿ ಬಿದ್ದಾಗ ನಮ್ಮ ಕಂದು ಬಣ್ಣ ಎಷ್ಟು ಚೆನ್ನಾಗಿ ಬಂತೆಂದರೆ, ನಾನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದೆ. ಬೆಳ್ಳಗೆ ಮಾಡಬೇಕೇ ಎಂದು ಅವನು ಕೇಳಲೇ ಇಲ್ಲ. ನಮ್ಮಲ್ಲಾದರೆ ಫೋಟೋ ನೋಡುವ ಮೊದಲೇ ಆ ಮಾತು ಬರುತ್ತದೆ. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ನನಗೀಗ ಉಳಿದಿಲ್ಲ.

ನಿಮ್ಮ ಫೋಟೋದಲ್ಲೂ ಕಿಟಕಿ ನಮ್ಮ ಬೆನ್ನ ಹಿಂದೆಯೇ ಇದೆ. ಕೊರತೆ ಇದ್ದದ್ದು ಬೆಳಕಿನಲ್ಲಿ, ನಮ್ಮ ಚರ್ಮದಲ್ಲಲ್ಲ. ಮುಂದಿನ ಸಲ ಎಲ್ಲರನ್ನೂ ಬೆಳಕಿನ ಕಡೆಗೆ ತಿರುಗಿಸಿ ನಿಲ್ಲಿಸಿ. ಪರದೆಯಲ್ಲಿ ಯಾರದಾದರೂ ಮುಖದ ಮೇಲೆ ಬೆರಳಿಟ್ಟರೆ ಕ್ಯಾಮೆರಾ ಆ ಮುಖಕ್ಕೆ ಬೆಳಕನ್ನು ಹೊಂದಿಸಿಕೊಳ್ಳುತ್ತದೆ. ಬ್ಯೂಟಿ ಮೋಡ್ ತಾನಾಗಿಯೇ ಚಾಲೂ ಆಗಿದ್ದರೆ ಅದನ್ನು ಸೊನ್ನೆಗೆ ಇಳಿಸಿಬಿಡಿ. ಇಷ್ಟು ಮಾಡಿ ಸಾಕು, ದಯವಿಟ್ಟು ಬಣ್ಣವನ್ನು ಮುಟ್ಟಬೇಡಿ.

ಇಲ್ಲಿನವರೂ ಸುಕ್ಕು ಅಳಿಸುತ್ತಾರೆ, ಹಲ್ಲು ಬೆಳ್ಳಗೆ ಮಾಡಿಸುತ್ತಾರೆ. ಅದನ್ನು ಒಪ್ಪಿಕೊಳ್ಳಬೇಕು. ನಿಮ್ಮ ಬಗ್ಗೆಯೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನೀವು ಚಿಕ್ಕವರಿದ್ದಾಗ ಮನೆಗೆ ಬಂದವರು ನಿಮ್ಮ ಬಣ್ಣದ ಬಗ್ಗೆ ಏನೆಲ್ಲ ಆಡಿದರೆಂದು ಅಮ್ಮ ನನಗೆ ಹೇಳಿದ್ದಾಳೆ. ಅಂಥ ಮಾತು ನಮ್ಮ ಮಕ್ಕಳಿಗೆ ತಾಗದಿರಲಿ ಎಂದೇ ನೀವು ಹೀಗೆ ಮಾಡುತ್ತೀರಿ ಎನ್ನುವುದು ನನಗೆ ಗೊತ್ತು. ಆದರೆ ಮಗಳಿಗೆ ಆ ಮಾತು ಮೊದಲು ಮುಟ್ಟಿದ್ದು ಈ ಫೋಟೋದಿಂದಲೇ.

ತಿದ್ದುವ ಮೊದಲಿನ ಪ್ರತಿ ನಿಮ್ಮ ಮೊಬೈಲಿನಲ್ಲಿ ಇದೆಯೇ ನೋಡಿ. ಅಳಿಸಿದ್ದರೂ ಗ್ಯಾಲರಿಯ ಕಸದಬುಟ್ಟಿಯಲ್ಲಿ ಕೆಲವು ದಿನ ಉಳಿದಿರಬಹುದು. ಸಿಕ್ಕರೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಚಿತ್ರ ಕುಗ್ಗದೆ ಬರುತ್ತದೆ. ಮಗಳು ಅಜ್ಜಿಯ ಮಚ್ಚೆಯನ್ನು ಇನ್ನೂ ಹುಡುಕುತ್ತಿದ್ದಾಳೆ.